ಪಾಲಿಸಿ ಬೇಡ, ಸಮಿತಿ ರಚಿಸಿದ ಆದೇಶದ ಪ್ರತಿ ಕೇಳಿ

ಪ್ರಶ್ನೆ: ಬೆಂಗಳೂರಿನ ಒಂದು ಕಂಪನಿಯಿಂದ ನನಗೆ ಆಫರ್ ಲೆಟರ್ ಬಂದಿದೆ. ಹೆಡ್ ಆಫೀಸ್ ಹೈದರಾಬಾದ್‌ನಲ್ಲಿದೆ, ಇಲ್ಲಿನ ಬ್ರಾಂಚಿನಲ್ಲಿ ಸುಮಾರು 80 ಜನ ಇದ್ದಾರಂತೆ. ಮಧ್ಯಾಹ್ನ 2ರಿಂದ ರಾತ್ರಿ 11ರವರೆಗೆ ಶಿಫ್ಟ್, ಕ್ಯಾಬ್ ಕೊಡ್ತಾರೆ. ಹಳೆಯ ಆಫೀಸಿನಲ್ಲಿ ಮ್ಯಾನೇಜರ್ ವರ್ತನೆ ಬಗ್ಗೆ ದೂರು ಕೊಡೋಣ ಅಂತ ಹೋದಾಗ ‘ಕಮಿಟಿ ಇದೆ’ ಅಂದರು. ಅದರಲ್ಲಿ ಯಾರ್‍ಯಾರಿದ್ದಾರೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ನಾನೇ ಕೆಲಸ ಬಿಟ್ಟೆ. ಈ ಸಲ ಸೇರುವ ಮೊದಲೇ ತಿಳ್ಕೋಬೇಕು. ಹೇಗೆ? ಕೇಳಿದ್ರೆ ಆಫರ್ ವಾಪಸ್ ತಗೊಂಡುಬಿಡ್ತಾರಾ?

ಉತ್ತರ: ಎಚ್‌ಆರ್‌ನವರನ್ನು ‘ನಿಮ್ಮಲ್ಲಿ ಪಾಶ್ ಪಾಲಿಸಿ, ಅಂದರೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ಪಾಲಿಸಿ ಇದೆಯಾ?’ ಅಂತ ಕೇಳಬೇಡಿ. ಎಲ್ಲರೂ ಕೇಳೋದು ಅದನ್ನೇ, ಎಲ್ಲ ಕಡೆಯೂ ಬರುವ ಉತ್ತರ ‘ಇದೆ’. ಪಾಲಿಸಿ ಅನ್ನೋದು ಒಂದು ಪಿಡಿಎಫ್. ಇನ್ನೊಂದು ಕಂಪನಿಯದನ್ನು ತಂದು ಹೆಸರು ಬದಲಾಯಿಸಿದರೂ ಆಯಿತು. ನೀವು ಕೇಳಬೇಕಾದದ್ದು ಬೇರೆ ಕಾಗದ. ಬೆಂಗಳೂರು ಆಫೀಸಿಗೆ ಅಂಥ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯನ್ನು ರಚಿಸಿ ಹೊರಡಿಸಿದ ಲಿಖಿತ ಆದೇಶ ಅದು.

ಇದನ್ನು ಕೇಳಲು ನಿಮಗೆ ಸಂಕೋಚ ಬೇಡ. ಕಾರಣ ಹೇಳುತ್ತೇನೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಜಾಗದಲ್ಲೂ ಮಾಲೀಕರು ಲಿಖಿತ ಆದೇಶದ ಮೂಲಕವೇ ಸಮಿತಿ ರಚಿಸಬೇಕು. ಆ ಆದೇಶವನ್ನು ಆಫೀಸಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಅಂದರೆ ಗೋಡೆ ಮೇಲೆ ಇರಲೇಬೇಕಾದ ಕಾಗದದ ಒಂದು ಫೋಟೊವನ್ನು ನೀವು ಕೇಳುತ್ತಿದ್ದೀರಿ. ಅದು ಗುಟ್ಟಿನ ದಾಖಲೆ ಅಲ್ಲ. ‘ಅದು ಕಾನ್ಫಿಡೆನ್ಷಿಯಲ್, ಸೇರಿದ ಮೇಲೆ ಕೊಡ್ತೀವಿ’ ಅಂತ ಯಾರಾದರೂ ಹೇಳಿದರೆ ಅವರಿಗೆ ಕಾಯ್ದೆ ಗೊತ್ತಿಲ್ಲ, ಇಲ್ಲವೇ ಗೋಡೆ ಮೇಲೆ ಆ ಕಾಗದ ಇಲ್ಲ. ಎರಡರಲ್ಲಿ ಯಾವುದಾದರೂ ನಿಮಗೆ ಬೇಕಾದ ಮಾಹಿತಿಯೇ.

ಯಾವಾಗ ಕೇಳಬೇಕು ಅನ್ನೋದು ಮುಖ್ಯ. ಇಂಟರ್‌ವ್ಯೂ ನಡೆಯುತ್ತಿರುವಾಗ ಬೇಡ. ಆಫರ್ ಲೆಟರ್ ಕೈಗೆ ಬಂದಿದೆ, ನೀವಿನ್ನೂ ಒಪ್ಪಿ ಸಹಿ ಹಾಕಿಲ್ಲ ಅನ್ನುವ ಈ ನಾಲ್ಕೈದು ದಿನವೇ ಸರಿಯಾದ ಸಮಯ. ಪಿಎಫ್, ಇನ್ಶೂರೆನ್ಸ್, ನೋಟಿಸ್ ಪೀರಿಯಡ್ ಬಗ್ಗೆ ಕೇಳುವ ಮೇಲ್‌ನಲ್ಲೇ ಇದನ್ನೂ ಸೇರಿಸಿ. ಬೇರೆ ಮೇಲ್ ಮಾಡಿದರೆ ಅದೊಂದು ವಿಶೇಷ ವಿಷಯದ ಹಾಗೆ ಕಾಣುತ್ತದೆ. ಹೀಗೆ ಬರೆದರೆ ಸಾಕು:

“ಸೇರುವ ಮೊದಲು ಮೂರು ವಿಷಯ ತಿಳಿಸಿದರೆ ಅನುಕೂಲ. ಒಂದು, ಮೆಡಿಕಲ್ ಇನ್ಶೂರೆನ್ಸ್ ಯಾವ ದಿನದಿಂದ ಶುರು? ಎರಡು, ರಾತ್ರಿ 11ರ ಡ್ರಾಪ್ ಕ್ಯಾಬ್ ಯಾವ ಏಜೆನ್ಸಿಯದು, ಅದರ ನಿಯಮಗಳೇನು? ಮೂರು, ಬೆಂಗಳೂರು ಆಫೀಸಿನ ಆಂತರಿಕ ಸಮಿತಿ ರಚನೆಯ ಆದೇಶದ ಪ್ರತಿ ಕಳಿಸಿ.”

ಆಫರ್ ವಾಪಸ್ ತಗೊಳ್ತಾರಾ ಅಂದಿರಿ. ತಗೊಳ್ಳುವುದೇ ಇಲ್ಲ ಅಂತ ಭರವಸೆ ಕೊಡಲು ನನ್ನಿಂದ ಆಗದು. ಕೇಳಿದವರನ್ನು ‘ಕಿರಿಕಿರಿ ಕೇಸ್’ ಅಂದುಕೊಳ್ಳುವ ಮ್ಯಾನೇಜರ್‌ಗಳು ಇದ್ದಾರೆ. ಅದಕ್ಕೇ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಕೇಳಿ, ನಂತರ ಅಲ್ಲ. ನಿಮ್ಮ ವಿಷಯದಲ್ಲಿ ಹಳೆಯ ಕೆಲಸ ಆಗಲೇ ಬಿಟ್ಟಾಗಿದೆ. ಕೈಯಲ್ಲಿ ಬೇರೆ ಆಫರ್ ಇಲ್ಲದಿದ್ದರೆ ಮೂರನೇ ಪ್ರಶ್ನೆಯನ್ನು ಫೋನಿನಲ್ಲಿ, ಮಾತಿನ ಮಧ್ಯೆ ಕೇಳಿದರೂ ನಡೆಯುತ್ತದೆ.

ಈಗ ಆ ಕಾಗದ ನಿಮ್ಮ ಕೈಗೆ ಬಂತು ಅಂದುಕೊಳ್ಳಿ. ಸಾಮಾನ್ಯವಾಗಿ ಒಂದೇ ಪುಟ. ಕಂಪನಿಯ ಲೆಟರ್‌ಹೆಡ್, ಒಂದು ತಾರೀಖು, ನಾಲ್ಕೈದು ಹೆಸರಿರುವ ಒಂದು ಟೇಬಲ್, ಕೆಳಗೆ ಡೈರೆಕ್ಟರ್ ಸಹಿ. ಓದಲು ಎರಡು ನಿಮಿಷ ಸಾಕು. ಆದರೆ ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಆ ಎರಡು ನಿಮಿಷದಲ್ಲಿ ತುಂಬಾ ತಿಳಿಯುತ್ತದೆ.

ಮೊದಲು ತಾರೀಖು. ಸಮಿತಿಯ ಸದಸ್ಯರ ಅವಧಿ ಹೆಚ್ಚೆಂದರೆ 3 ವರ್ಷ. ಆದೇಶದ ಮೇಲೆ 2020 ಅಂತ ಇದ್ದು ಅದಾದ ಮೇಲೆ ಬೇರೆ ಆದೇಶ ಇಲ್ಲ ಅಂದರೆ, ಕಾನೂನಿನ ಲೆಕ್ಕದಲ್ಲಿ ಆ ಆಫೀಸಿನಲ್ಲಿ ಇವತ್ತು ಸಮಿತಿ ಇಲ್ಲ. ಇನ್ನೊಂದು ಸಂಗತಿಯೂ ಆಗುತ್ತದೆ. ನೀವು ಕೇಳಿದ ಮೇಲಿನ ತಾರೀಖಿನ, ಎರಡೇ ದಿನ ಹಳೆಯ ಆದೇಶ ಬರಬಹುದು. ನೀವು ಕೇಳಿದ್ದಕ್ಕೇ ಅದು ಹುಟ್ಟಿದೆ. ಇದನ್ನು ನಾನು ಪೂರ್ತಿ ಕೆಟ್ಟದ್ದು ಅನ್ನುವುದಿಲ್ಲ. ಕೇಳಿದ ಮೇಲಾದರೂ ಮಾಡಿದರಲ್ಲ. ಆದರೆ ಎರಡು ದಿನದ ಸಮಿತಿಗೆ ತರಬೇತಿ ಆಗಿರುವುದಿಲ್ಲ, ದೂರು ಬಂದರೆ ಎಲ್ಲಿಂದ ಶುರು ಮಾಡಬೇಕು ಅಂತಲೂ ಗೊತ್ತಿರುವುದಿಲ್ಲ.

ಎರಡನೆಯದು ಊರು. ನಿಮ್ಮ ವಿಷಯದಲ್ಲಿ ಇದು ದೊಡ್ಡದು. ಕಂಪನಿಗೆ ಬೇರೆ ಬೇರೆ ಊರುಗಳಲ್ಲಿ ಆಫೀಸ್ ಇದ್ದರೆ ಪ್ರತಿ ಆಫೀಸಿಗೂ ಸಮಿತಿ ಇರಬೇಕು. ‘ಹೈದರಾಬಾದ್‌ನಲ್ಲಿ ಕಾರ್ಪೊರೇಟ್ ಕಮಿಟಿ ಇದೆ, ಎಲ್ಲ ಬ್ರಾಂಚಿಗೂ ಅದೇ’ ಅಂತ ಅವರು ಹೇಳಿದರೆ ಅದು ಸಾಲದು. ಸಮಿತಿಯ ಅಧ್ಯಕ್ಷೆ ಮಾತ್ರ ಹೈದರಾಬಾದ್‌ನವರು ಆಗಿರಬಹುದು. ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆಯೇ ಆಗಿರಬೇಕು ಅನ್ನೋದು ನಿಯಮ. ಬೆಂಗಳೂರಿನಲ್ಲಿ ಅಂಥವರು ಇಲ್ಲದಿದ್ದರೆ ಬೇರೆ ಆಫೀಸಿನಿಂದ ನೇಮಿಸಲು ಅವಕಾಶ ಇದೆ. ಅಧ್ಯಕ್ಷೆಯ ಊರು ನೋಡಿ ತಪ್ಪು ಹುಡುಕಬೇಡಿ. ಆದೇಶ ಯಾವ ಆಫೀಸಿಗೆ ಅಂತ ಬರೆದಿದೆ ಅನ್ನೋದನ್ನು ನೋಡಿ. ಹಾಗೆಯೇ 80 ಜನರ ಬ್ರಾಂಚಿನಲ್ಲಿ ಒಬ್ಬ ಹಿರಿಯ ಮಹಿಳೆಯೂ ಇಲ್ಲ ಅನ್ನೋದು ಬೇರೊಂದು ಸುದ್ದಿ. ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮೂರನೆಯದು ಹೆಸರುಗಳು. ಅಧ್ಯಕ್ಷೆ, ಉದ್ಯೋಗಿಗಳಲ್ಲಿ ಕನಿಷ್ಠ ಇಬ್ಬರು, ಹೊರಗಿನವರು ಒಬ್ಬರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು. ಒಳಗಿನ ಮೂವರ ಹೆಸರನ್ನೂ ಲಿಂಕ್ಡ್‌ಇನ್‌ನಲ್ಲಿ ಹಾಕಿ ನೋಡಿ. ಅವರಿನ್ನೂ ಅದೇ ಕಂಪನಿಯಲ್ಲಿ ಇದ್ದಾರಾ? ಬೆಂಗಳೂರಿನಲ್ಲಿ ಜನ ಎರಡು ವರ್ಷಕ್ಕೊಮ್ಮೆ ಕೆಲಸ ಬದಲಾಯಿಸುತ್ತಾರೆ, ಸಮಿತಿಯ ಪಟ್ಟಿಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ನಾನು ನೋಡಿದ ಒಂದು ಆಫೀಸಿನಲ್ಲಿ ಕಾಫಿ ಮೆಷಿನ್ ಪಕ್ಕದ ಬೋರ್ಡಿನಲ್ಲಿ ಆದೇಶ ಚೆನ್ನಾಗಿ ಲ್ಯಾಮಿನೇಟ್ ಆಗಿ ನೇತಾಡುತ್ತಿತ್ತು. ಅದರಲ್ಲಿದ್ದ ಅಧ್ಯಕ್ಷೆ ಕೆಲಸ ಬಿಟ್ಟು 14 ತಿಂಗಳಾಗಿತ್ತು. ಅವರ ಹೆಸರಿನ ಮುಂದೆ ಕೊಟ್ಟಿದ್ದ ಎಕ್ಸ್‌ಟೆನ್ಷನ್ ನಂಬರಿಗೆ ಕರೆ ಮಾಡಿದರೆ ಅಕೌಂಟ್ಸ್ ವಿಭಾಗದ ಹೊಸ ಹುಡುಗ ಎತ್ತಿದ. ಆ ನಂಬರಿಗೆ ಅಳುತ್ತಾ ಕರೆ ಮಾಡುವ ಹೆಣ್ಣುಮಗಳನ್ನು ಊಹಿಸಿಕೊಳ್ಳಿ.

ಮೂವರೂ ಎಚ್‌ಆರ್ ವಿಭಾಗದವರೇ ಆಗಿದ್ದರೆ? ಕಾನೂನು ಇದನ್ನು ನೇರವಾಗಿ ತಡೆಯುವುದಿಲ್ಲ. ಆದರೆ ಅನುಭವದ ಮೇಲೆ ಹೇಳುತ್ತೇನೆ, ಇದು ಒಳ್ಳೆಯ ಲಕ್ಷಣ ಅಲ್ಲ. ವಿಚಾರಣೆ ನಡೆಯಬೇಕಾದರೆ ಅಧ್ಯಕ್ಷೆ ಸೇರಿ ಕನಿಷ್ಠ 3 ಸದಸ್ಯರು ಹಾಜರಿರಬೇಕು. ಆ ಮೂವರೂ ಒಬ್ಬನೇ ಎಚ್‌ಆರ್ ಮುಖ್ಯಸ್ಥನಿಗೆ ವರದಿ ಮಾಡುವವರಾದರೆ ಅವನ ಗೆಳೆಯನ ಮೇಲೆ ದೂರು ಬಂದ ದಿನ ಸಮಿತಿಯ ಬಾಯಿ ಕಟ್ಟಿಹೋಗುತ್ತದೆ.

ನಾಲ್ಕನೆಯದು ಹೊರಗಿನ ಸದಸ್ಯರು. ಒಂದೇ ಒಂದು ವಿಷಯ ಪರೀಕ್ಷಿಸಲು ಸಮಯ ಇದೆ ಅಂದರೆ ಇದನ್ನೇ ಪರೀಕ್ಷಿಸಿ.

ಸಮಿತಿಯೊಳಗೆ ಹೊರಗಿನವರು ಯಾಕೆ? ರಾಜಸ್ಥಾನದ ವಿಶಾಖಾ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ಮೊದಲ ಬಾರಿಗೆ ದೂರು ಸಮಿತಿಯ ನಿಯಮ ಹಾಕಿದಾಗಲೇ ಇದನ್ನು ಹೇಳಿತ್ತು. ಮೇಲಿನವರ ಒತ್ತಡ ಬೀಳದಂತೆ ತಡೆಯಲು ಸಮಿತಿಯಲ್ಲಿ ಮೂರನೆಯವರು ಒಬ್ಬರು ಇರಬೇಕು ಅನ್ನೋದು ಅದರ ಉದ್ದೇಶ. ಸಂಬಳಕ್ಕೆ ಕಂಪನಿಯನ್ನು ನಂಬದ ಒಬ್ಬರಾದರೂ ಕೋಣೆಯಲ್ಲಿ ಕೂತಿರಲಿ ಅಂತ. ಅವರು ಮಹಿಳೆಯರ ಪರ ಕೆಲಸ ಮಾಡುವ ಸಂಘ ಸಂಸ್ಥೆಯವರು ಆಗಿರಬೇಕು, ಇಲ್ಲವೇ ಲೈಂಗಿಕ ಕಿರುಕುಳದ ವಿಷಯ ಬಲ್ಲವರಾಗಿರಬೇಕು. ಬಂದು ಹೋದದ್ದಕ್ಕೆ ಶುಲ್ಕ ಸಿಗುತ್ತದೆ, ಅದು ತಪ್ಪಲ್ಲ. ಕಂಪನಿಯ ಲೇಬರ್ ಕೇಸುಗಳನ್ನು ವಾದಿಸುವ ವಕೀಲರನ್ನೋ, ಡೈರೆಕ್ಟರ್ ಅತ್ತಿಗೆಯನ್ನೋ, ಪೇರೋಲ್ ನೋಡುವ ಕನ್ಸಲ್ಟೆಂಟನ್ನೋ ಆ ಕುರ್ಚಿಯಲ್ಲಿ ಕೂರಿಸಿದರೆ ಆಗ ಹೊರಗಿನವರು ಅನ್ನೋ ಮಾತಿಗೇ ಅರ್ಥ ಇಲ್ಲ.

ನಾನೇ ಹಲವು ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂತಿದ್ದೇನೆ. ಒಂದು ಕಂಪನಿಯವರು ನನ್ನ ಒಪ್ಪಿಗೆ ಪತ್ರ ತಗೊಂಡು ಹೋದರು. ಅದಾದ ಮೇಲೆ ಎರಡು ವರ್ಷ ಒಂದು ಫೋನೂ ಇಲ್ಲ, ಒಂದು ಸಭೆಯೂ ಇಲ್ಲ. ಆಮೇಲೆ ಒಂದು ದಿನ ಅಲ್ಲಿ ಕೆಲಸ ಬಿಟ್ಟಿದ್ದ ಹುಡುಗಿಯೊಬ್ಬಳು ನನ್ನ ಹೆಸರು ಹುಡುಕಿಕೊಂಡು ಬಂದಳು. ‘ಮೇಡಂ, ನನ್ನ ದೂರು ನಿಮಗೆ ತಲುಪಿತ್ತಾ?’ ಅಂತ ಕೇಳಿದಳು. ತಲುಪಿರಲಿಲ್ಲ. ಎಚ್‌ಆರ್‌ನವರು ಅವಳನ್ನು ಕೂರಿಸಿ ‘ಮಾತಾಡಿ ಬಗೆಹರಿಸೋಣ’ ಅಂದಿದ್ದರು. ದೂರು ಸಮಿತಿಯ ತನಕ ಬಂದೇ ಇರಲಿಲ್ಲ. ಗೋಡೆ ಮೇಲೆ ನನ್ನ ಹೆಸರಿತ್ತು. ಆ ಹುಡುಗಿ ಅದನ್ನು ನಂಬಿದ್ದಳು. ಅವತ್ತಿನಿಂದ ನಾನು ವರ್ಷಕ್ಕೆ ಕನಿಷ್ಠ ಎರಡು ಸಭೆ ಕರೆಯದ ಕಂಪನಿಗಳಿಗೆ ನನ್ನ ಹೆಸರು ಕೊಡುತ್ತಿಲ್ಲ.

ಹಾಗಾಗಿ ಆದೇಶದಲ್ಲಿರುವ ಹೊರಗಿನ ಸದಸ್ಯರಿಗೆ ಒಂದು ಕರೆ ಮಾಡಿ. ‘ನಾನು ಬೆಂಗಳೂರು ಆಫೀಸಿಗೆ ಸೇರಬೇಕು ಅಂತಿದ್ದೇನೆ, ನೀವು ಅಲ್ಲಿನ ಸಮಿತಿಯಲ್ಲಿ ಇದ್ದೀರಾ?’ ಅಂತ ಕೇಳಿ. ಕೆಲವರಿಗೆ ತಾವು ಆ ಸಮಿತಿಯಲ್ಲಿ ಇರುವುದೇ ನೆನಪಿರುವುದಿಲ್ಲ. ಹೌದು ಅಂದರೆ ಇನ್ನೆರಡೇ ಪ್ರಶ್ನೆ ಕೇಳಿ. ಸಮಿತಿ ಕೊನೆಯ ಬಾರಿ ಯಾವಾಗ ಸೇರಿತ್ತು? ಬೆಂಗಳೂರು ಆಫೀಸಿನ ಉದ್ಯೋಗಿಗಳಿಗೆ ನೀವು ತರಬೇತಿ ಕೊಟ್ಟಿದ್ದೀರಾ? ಯಾರ ದೂರು, ಏನಾಯಿತು ಅಂತ ಕೇಳಬೇಡಿ. ಹೆಸರು, ವಿವರ, ವಿಚಾರಣೆಯ ಮಾತು ಯಾವುದನ್ನೂ ಹೊರಗೆ ಹೇಳುವ ಹಾಗಿಲ್ಲ, ಅದಕ್ಕೆ ದಂಡ ಇದೆ. ಅವರೇ ಉತ್ಸಾಹದಲ್ಲಿ ‘ಹೋದ ವರ್ಷ ಮಾರ್ಕೆಟಿಂಗ್ ಹುಡುಗಿ ಒಬ್ಬಳು...’ ಅಂತ ಕಥೆ ಶುರು ಮಾಡಿದರೆ ಎಚ್ಚರ ವಹಿಸಿ. ನಾಳೆ ನಿಮ್ಮ ಕಥೆಯೂ ಹಾಗೇ ಹೊರಗೆ ಬರುತ್ತದೆ. ‘ಪ್ರಕರಣಗಳ ಬಗ್ಗೆ ಮಾತಾಡಲ್ಲ. ಸಭೆ ಮಾರ್ಚ್‌ನಲ್ಲಿ ಆಗಿತ್ತು’ ಅಂತ ಚುಟುಕಾಗಿ ಮುಗಿಸಿದರೆ ಅದೇ ನೀವು ಬಯಸುವ ಉತ್ತರ.

ಆದೇಶದ ಕೆಳಗೆ ಸಾಮಾನ್ಯವಾಗಿ ದೂರು ಕಳಿಸಲು ಒಂದು ಮೇಲ್ ವಿಳಾಸ ಇರುತ್ತದೆ. ಅದಕ್ಕೆ ಒಂದು ಸಾಲಿನ ಮೇಲ್ ಹಾಕಿ: ‘ಹೊಸದಾಗಿ ಸೇರುವವಳು, ಬೆಂಗಳೂರು ಆಫೀಸಿನ ಸಮಿತಿಗೆ ಇದೇ ವಿಳಾಸವೇ?’ ಮೇಲ್ ವಾಪಸ್ ಬಿದ್ದರೆ ಆ ಪೆಟ್ಟಿಗೆಯೇ ಇಲ್ಲ. ಎಚ್‌ಆರ್ ಹುಡುಗನಿಂದ ಉತ್ತರ ಬಂದರೆ ದೂರುಗಳನ್ನು ಮೊದಲು ಓದುವವನು ಅವನು ಅಂತ ಆಯಿತು. ಅಧ್ಯಕ್ಷೆಯಿಂದ ಉತ್ತರ ಬಂದರೆ ನಾನು ಆ ಕಂಪನಿಗೆ ಅರ್ಧಕ್ಕಿಂತ ಜಾಸ್ತಿ ಅಂಕ ಕೊಡುತ್ತೇನೆ.

ಇನ್ನು ಕಂಪನಿಯನ್ನು ಕೇಳದೆಯೇ ನೋಡಬಹುದಾದ ಒಂದು ದಾಖಲೆ ಇದೆ. ಪ್ರೈವೇಟ್ ಲಿಮಿಟೆಡ್ ಅಥವಾ ಪಬ್ಲಿಕ್ ಲಿಮಿಟೆಡ್ ಕಂಪನಿಗಳು ಪ್ರತಿ ವರ್ಷ ಸರ್ಕಾರಕ್ಕೆ ಲೆಕ್ಕಪತ್ರ ಸಲ್ಲಿಸುವಾಗ ಜೊತೆಗೆ ಡೈರೆಕ್ಟರ್‌ಗಳ ವರದಿಯನ್ನೂ ಕೊಡಬೇಕು. ಸಮಿತಿ ರಚಿಸಿದ್ದೇವೆ ಅನ್ನುವ ಹೇಳಿಕೆ ಆ ವರದಿಯಲ್ಲಿ 2018ರಿಂದಲೇ ಕಡ್ಡಾಯ. ಆಗ ಹೆಚ್ಚಿನವರು ಒಂದೇ ವಾಕ್ಯ ಬರೆದು ಮುಗಿಸುತ್ತಿದ್ದರು. 2025ರ ಜುಲೈನಿಂದ ಮೂರು ಸಂಖ್ಯೆಗಳನ್ನೂ ಕೊಡಬೇಕು ಅಂತ ನಿಯಮ ಬಂದಿದೆ. ಆ ವರ್ಷ ಬಂದ ದೂರುಗಳು ಎಷ್ಟು, ಮುಗಿದವು ಎಷ್ಟು, 90 ದಿನ ದಾಟಿಯೂ ಬಾಕಿ ಇರುವವು ಎಷ್ಟು.

ಷೇರುಪೇಟೆಯಲ್ಲಿರುವ ಕಂಪನಿಯಾದರೆ ಅದರ ವೆಬ್‌ಸೈಟಿನಲ್ಲೇ ವಾರ್ಷಿಕ ವರದಿ ಇರುತ್ತದೆ. ಅಲ್ಲದಿದ್ದರೆ mca.gov.in ನಲ್ಲಿ ಖಾತೆ ತೆರೆದು `View Public Documents` ಅನ್ನುವ ಕಡೆ ಹೋಗಿ ಕಂಪನಿಯ ಹೆಸರು ಹಾಕಬೇಕು. ಒಂದು ಕಂಪನಿಗೆ 100 ರೂಪಾಯಿ ಶುಲ್ಕ. ಅಲ್ಲಿ `AOC-4` ಅನ್ನುವ ಫಾರ್ಮ್ ತೆರೆದರೆ ಡೈರೆಕ್ಟರ್‌ಗಳ ವರದಿ ಅದಕ್ಕೆ ಲಗತ್ತಾಗಿರುತ್ತದೆ. ತುಂಬಾ ಚಿಕ್ಕ ಕಂಪನಿಗಳಿಗೆ ಸಂಕ್ಷಿಪ್ತ ವರದಿ ಸಾಕು, ಎಲ್‌ಎಲ್‌ಪಿ ಅನ್ನುವ ಪಾಲುದಾರಿಕೆ ಸಂಸ್ಥೆಗಳಿಗೆ ಈ ವರದಿಯೇ ಇಲ್ಲ. ಹಾಗಾಗಿ ಏನೂ ಸಿಗಲಿಲ್ಲ ಅಂದ ಮಾತ್ರಕ್ಕೆ ಕಂಪನಿ ಕಳ್ಳಾಟ ಆಡುತ್ತಿದೆ ಅಂತ ಅಲ್ಲ.

ಸಿಕ್ಕ ಸಂಖ್ಯೆಯನ್ನು ಓದುವುದು ಹೇಗೆ ಅನ್ನೋದರಲ್ಲಿ ತುಂಬಾ ಜನ ಎಡವುತ್ತಾರೆ. ‘ದೂರುಗಳು: ಸೊನ್ನೆ’ ಅಂತ ಕಂಡರೆ ಸಮಾಧಾನ ಆಗುತ್ತದೆ, ಅಲ್ವಾ? 80 ಜನರ ಆಫೀಸಿನಲ್ಲಿ ಒಂದು ವರ್ಷ ಸೊನ್ನೆ ಇರುವುದು ಸಹಜವೇ. ಆದರೆ ನಾಲ್ಕು ಊರುಗಳಲ್ಲಿ ಎರಡು ಸಾವಿರ ಜನ ಇರುವ ಕಂಪನಿಯಲ್ಲಿ ವರ್ಷ ವರ್ಷವೂ ಸೊನ್ನೆ ಅಂದರೆ ದೂರು ಕೊಡುವ ದಾರಿ ಮುಚ್ಚಿದೆ ಅಂತ ನಾನು ಓದುತ್ತೇನೆ. ಅದರ ಬದಲು ಮೂರು ದೂರು ಬಂದಿವೆ, ಮೂರೂ ಮುಗಿದಿವೆ, ಬಾಕಿ ಇಲ್ಲ ಅಂತಿದ್ದರೆ ಅಲ್ಲಿ ಹೆಣ್ಣುಮಕ್ಕಳು ಸಮಿತಿಯ ಬಾಗಿಲು ತಟ್ಟುತ್ತಿದ್ದಾರೆ, ಬಾಗಿಲು ತೆರೆಯುತ್ತಿದೆ. ನೋಡಬೇಕಾದದ್ದು ಮೂರನೇ ಸಂಖ್ಯೆ. ವಿಚಾರಣೆ 90 ದಿನದೊಳಗೆ ಮುಗಿಯಬೇಕು ಅಂತ ಕಾಯ್ದೆ ಹೇಳುತ್ತದೆ. ಬಂದ ಮೂರೂ ಬಾಕಿ ಇದ್ದರೆ ಅದು ಎಳೆದಾಡುವ ಸಮಿತಿ.

ಕಾಗದದ ಕೆಲಸ ಇಷ್ಟೇ. ಇನ್ನು ಎಚ್‌ಆರ್‌ನವರು ಫೋನಿನಲ್ಲಿ ಸಿಕ್ಕಾಗ ಒಂದೇ ಪ್ರಶ್ನೆ ಕೇಳಿ. ‘ಇವತ್ತು ಒಂದು ದೂರು ಬಂತು ಅಂದುಕೊಳ್ಳಿ. ಮುಂದಿನ ಹತ್ತು ದಿನದಲ್ಲಿ ನಿಮ್ಮಲ್ಲಿ ಏನೇನು ಆಗುತ್ತದೆ?’ ಕೆಲಸ ಗೊತ್ತಿದ್ದವರು ತಡವರಿಸದೆ ಹೇಳುತ್ತಾರೆ. ದೂರು ಲಿಖಿತವಾಗಿ ಸಮಿತಿಗೆ ಹೋಗುತ್ತದೆ, ಬರೆಯಲು ಆಗದಿದ್ದರೆ ಸಮಿತಿಯವರೇ ಸಹಾಯ ಮಾಡುತ್ತಾರೆ. 7 ಕೆಲಸದ ದಿನಗಳಲ್ಲಿ ದೂರಿನ ಒಂದು ಪ್ರತಿ ಆರೋಪ ಎದುರಿಸುವವರಿಗೆ ಹೋಗುತ್ತದೆ, ಅವರಿಗೆ ಉತ್ತರಿಸಲು 10 ಕೆಲಸದ ದಿನ. ಈ ಮಧ್ಯೆ ದೂರು ಕೊಟ್ಟವರು ಕೇಳಿದರೆ ಇಬ್ಬರಲ್ಲಿ ಒಬ್ಬರನ್ನು ಬೇರೆ ಕಡೆ ಹಾಕಬಹುದು, ರಜೆ ಕೊಡಬಹುದು, ಅವರ ಅಪ್ರೈಸಲ್ ಆ ಮ್ಯಾನೇಜರ್ ಬರೆಯದಂತೆ ತಡೆಯಬಹುದು. ಈ ದಿನಗಳ ಲೆಕ್ಕ ಬಾಯಿಪಾಠ ಇಲ್ಲದಿದ್ದರೂ ಪರವಾಗಿಲ್ಲ. ‘ಸಮಿತಿಗೆ ಹೋಗುತ್ತದೆ’ ಅನ್ನುವ ಮಾತು ಅವರ ಬಾಯಲ್ಲಿ ತಾನಾಗಿ ಬರಬೇಕು.

‘ಮೊದಲು ನಾವು ಎಚ್‌ಆರ್‌ನವರು ಇಬ್ಬರನ್ನೂ ಕೂರಿಸಿ ಮಾತಾಡ್ತೀವಿ’ ಅಂದರೆ ಅದು ತಪ್ಪು ಉತ್ತರ. ರಾಜಿ ಅನ್ನೋದು ಕಾಯ್ದೆಯಲ್ಲಿ ಇದೆ. ಆದರೆ ದೂರು ಕೊಟ್ಟವಳು ಕೇಳಿದರೆ ಮಾತ್ರ, ಸಮಿತಿಯ ಮೂಲಕ ಮಾತ್ರ, ಹಣದ ಆಧಾರದ ಮೇಲೆ ಅಲ್ಲವೇ ಅಲ್ಲ. ‘ನಮ್ಮಲ್ಲಿ ಅಂಥದ್ದೆಲ್ಲ ಆಗಲ್ಲ, ನಾವೆಲ್ಲ ಒಂದು ಫ್ಯಾಮಿಲಿ ಥರ’ ಅನ್ನುವವರನ್ನು ಕಂಡರೆ ನನಗೆ ಭಯ. ಮನೆಯಲ್ಲಿ ಆದದ್ದನ್ನು ಹೊರಗೆ ಹೇಳಬಾರದು ಅಂತ ನಮ್ಮ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕಲಿಸಿರುತ್ತಾರೆ.

ಆಫೀಸಿಗೆ ಒಮ್ಮೆ ಹೋಗಿ ಬರಲು ಸಾಧ್ಯವಾದರೆ ಹೋಗಿ. ‘ಡಾಕ್ಯುಮೆಂಟ್ಸ್ ಕೊಡೋಕೆ ಬರ್ತೀನಿ’ ಅನ್ನಿ. ಸಂಜೆ 6ರ ಮೇಲೆ ಹೋದರೆ ನಿಮ್ಮ ಶಿಫ್ಟಿನ ವಾತಾವರಣ ಗೊತ್ತಾಗುತ್ತದೆ. ಬೋರ್ಡ್ ನೋಡಿ. ಆ ಆದೇಶ ರಿಸೆಪ್ಷನ್‌ನಲ್ಲಿ ಇದೆಯೋ, ಪ್ಯಾಂಟ್ರಿಯಲ್ಲಿ ಇದೆಯೋ, ಎಲ್ಲೂ ಇಲ್ಲವೋ? ಕನ್ನಡದಲ್ಲೂ ಇದೆಯೋ? ಆಫೀಸ್ ಗುಡಿಸುವ, ಟೀ ಕೊಡುವ ಅಕ್ಕಂದಿರು ಸಿಕ್ಕರೆ ಒಂದು ನಿಮಿಷ ನಿಂತು ಮಾತಾಡಿಸಿ. ‘ಅಕ್ಕ, ಇಲ್ಲಿ ಯಾರಾದ್ರೂ ತೊಂದ್ರೆ ಕೊಟ್ರೆ ಯಾರಿಗೆ ಹೇಳ್ಬೇಕು ಅಂತ ಹೇಳ್ಕೊಟ್ಟಿದಾರಾ?’ ಕಾಂಟ್ರಾಕ್ಟ್ ಮೇಲೆ ಬಂದವರು, ಟ್ರೈನಿಗಳು, ಪ್ರೊಬೇಷನ್‌ನಲ್ಲಿ ಇರುವವರು ಎಲ್ಲರೂ ಈ ಕಾಯ್ದೆಯೊಳಗೆ ಬರುತ್ತಾರೆ. ಒಂದು ಆಫೀಸಿನಲ್ಲಿ ಹೀಗೆ ಕೇಳಿದಾಗ ಹೌಸ್‌ಕೀಪಿಂಗ್ ಅಕ್ಕ ಸೀರೆ ಸೆರಗಿಗೆ ಕೈ ಒರೆಸಿಕೊಂಡು, ಮೊಬೈಲ್ ತೆಗೆದು, ಅಧ್ಯಕ್ಷೆಯ ನಂಬರನ್ನು ತೋರಿಸಿದರು. ‘ಕಮಿಟಿ ಮೇಡಂ’ ಅಂತ ಸೇವ್ ಮಾಡಿಕೊಂಡಿದ್ದರು. ಆ ಆಫೀಸಿನ ಪಾಲಿಸಿ ಓದುವ ಅಗತ್ಯವೇ ನನಗೆ ಬೀಳಲಿಲ್ಲ.

ಕ್ಯಾಬ್ ವಿಷಯವನ್ನು ಬೇರೆ ಅಂದುಕೊಳ್ಳಬೇಡಿ. ಕಂಪನಿ ಕೊಡುವ ವಾಹನವೂ ಕಾಯ್ದೆಯ ಪ್ರಕಾರ ಕೆಲಸದ ಜಾಗವೇ. ಡ್ರೈವರ್ ಮೇಲಿನ ದೂರನ್ನೂ ಇದೇ ಸಮಿತಿ ಕೇಳಬೇಕು. ರಾತ್ರಿ 8ರ ನಂತರ ಮಹಿಳೆಯರನ್ನು ದುಡಿಸಿಕೊಳ್ಳುವ ಕಂಪನಿಗಳಿಗೆ ಕರ್ನಾಟಕದಲ್ಲಿ ಷರತ್ತುಗಳಿವೆ. ಉಚಿತ ವಾಹನ, ಮಹಿಳೆಯಿಂದ ಲಿಖಿತ ಒಪ್ಪಿಗೆ, ವಾಹನಕ್ಕೆ ಜಿಪಿಎಸ್, ಡ್ರೈವರ್ ಹಿನ್ನೆಲೆಯ ಪರಿಶೀಲನೆ, ಹೀಗೆ. 2005ರಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬರು ರಾತ್ರಿ ಶಿಫ್ಟಿಗೆ ಹೊರಟಾಗ ಕೊಲೆಯಾದದ್ದು ಇಲ್ಲಿ ಯಾರೂ ಮರೆತಿಲ್ಲ. ಷರತ್ತುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ರೂಟ್. ಕ್ಯಾಬಿನಲ್ಲಿ ಮೊದಲು ಹತ್ತುವವಳು ಅಥವಾ ಕೊನೆಗೆ ಇಳಿಯುವವಳು ಒಂಟಿ ಮಹಿಳೆ ಆಗಬಾರದು.

ಇದನ್ನು ನಿಮ್ಮ ಮನೆಯ ಲೆಕ್ಕದಲ್ಲಿ ಕೇಳಿ. ಉದಾಹರಣೆಗೆ ನಿಮ್ಮ ಪಿಜಿ ಕೆಂಗೇರಿಯಲ್ಲಿದೆ, ಆಫೀಸ್ ಬೆಳ್ಳಂದೂರಿನಲ್ಲಿದೆ ಅಂದುಕೊಳ್ಳೋಣ. ‘ರಾತ್ರಿ 11ಕ್ಕೆ ಆ ಕಡೆ ಹೋಗುವವರು ಇನ್ನೂ ಯಾರಿದ್ದಾರೆ? ಎಲ್ಲರೂ ಮಧ್ಯದಲ್ಲೇ ಇಳಿದು ಕೊನೆಗೆ ನಾನೊಬ್ಬಳೇ ಉಳಿದರೆ ಏನು ವ್ಯವಸ್ಥೆ?’ ಗೊತ್ತಿರುವ ಟ್ರಾನ್ಸ್‌ಪೋರ್ಟ್ ಡೆಸ್ಕಿನವರು ‘ಗಾರ್ಡ್ ಜೊತೆಗೆ ಬರ್ತಾರೆ’ ಅಂತಲೋ ‘ರೂಟ್ ತಿರುಗಿಸಿ ಗಂಡಸರನ್ನು ಕೊನೆಗೆ ಬಿಡ್ತೀವಿ’ ಅಂತಲೋ ತಕ್ಷಣ ಹೇಳುತ್ತಾರೆ. ‘ಓಲಾ ಬುಕ್ ಮಾಡ್ಕೊಳ್ಳಿ, ಬಿಲ್ ಕೊಟ್ರೆ ದುಡ್ಡು ಕೊಡ್ತೀವಿ’ ಅಂದರೆ ಅದು ಕಂಪನಿಯ ಕ್ಯಾಬ್ ಅಲ್ಲ, ಬಿಲ್ ಪಾವತಿ ಅಷ್ಟೇ. ಆಫರ್ ಲೆಟರ್‌ನಲ್ಲಿ ಏನು ಬರೆದಿದೆ ಅಂತ ಮತ್ತೊಮ್ಮೆ ಓದಿ.

ಅಲ್ಲಿ ಕೆಲಸ ಬಿಟ್ಟು ಹೋದ ಮಹಿಳೆಯರಲ್ಲಿ ಒಬ್ಬರನ್ನಾದರೂ ಮಾತಾಡಿಸಿ. ಈಗ ಅಲ್ಲಿರುವವರು ನಿಮಗೆ ಗುರುತಿಲ್ಲದಿದ್ದರೆ ಬಾಯಿ ಬಿಡುವುದಿಲ್ಲ, ಅದು ಅವರ ತಪ್ಪಲ್ಲ. ಬಿಟ್ಟು ಹೋದವರ ಹತ್ತಿರವೂ ‘ಕಿರುಕುಳ ಇತ್ತಾ?’ ಅಂತ ಕೇಳಬೇಡಿ. ಅಪರಿಚಿತರಿಗೆ ಯಾರೂ ಅದನ್ನು ಹೇಳಲ್ಲ. ‘ಕಮಿಟಿಯಲ್ಲಿ ಯಾರಿದ್ದರು ಅಂತ ನಿಮಗೆ ಗೊತ್ತಿತ್ತಾ? ತರಬೇತಿ ಆಗಿತ್ತಾ, ಯಾವುದರ ಬಗ್ಗೆ ಮಾತಾಡಿದ್ದರು?’ ಅಂತ ಕೇಳಿ. ತರಬೇತಿ ಅಂದರೆ ವರ್ಷಕ್ಕೊಮ್ಮೆ ಕಂಪ್ಯೂಟರ್‌ನಲ್ಲಿ ಇಪ್ಪತ್ತು ಸ್ಲೈಡ್ ಒತ್ತಿ ಮುಗಿಸಿದ್ದೋ, ಒಬ್ಬ ಮನುಷ್ಯ ಎದುರು ನಿಂತು ಪ್ರಶ್ನೆ ತಗೊಂಡದ್ದೋ ಅನ್ನೋದು ಅವರ ಮಾತಿನಲ್ಲೇ ಗೊತ್ತಾಗುತ್ತದೆ.

ಈಗ ಇದನ್ನೆಲ್ಲ ತೂಗುವುದು ಹೇಗೆ? ಹೋದ ವರ್ಷ ನಿಮ್ಮ ಹಾಗೇ ಒಬ್ಬಳು ಕೇಳಿಕೊಂಡು ಬಂದಿದ್ದಳು, ಹಾಸನದ ಹುಡುಗಿ. ಅವಳಿಗೆ ಬಂದ ಆದೇಶದಲ್ಲಿ ಎರಡು ದೋಷ ಇತ್ತು. ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು, ಒಳಗಿನ ಒಬ್ಬ ಸದಸ್ಯ ಕೆಲಸ ಬಿಟ್ಟಿದ್ದ. ಹೊರಗಿನ ಸದಸ್ಯೆ ಮಾತ್ರ ನಿಜವಾದವರು, ಫೋನ್ ಎತ್ತಿದರು, ಸಭೆಯ ತಿಂಗಳು ಹೇಳಿದರು. ನಾನು ಅವಳಿಗೆ ಹೇಳಿದ್ದು ಇಷ್ಟು. ‘ಈ ಎರಡು ದೋಷವನ್ನು ಎಚ್‌ಆರ್‌ಗೆ ಮರ್ಯಾದೆಯಿಂದ ಬರೆದು ತಿಳಿಸು. ಏನು ಮಾಡ್ತಾರೆ ನೋಡೋಣ.’ ಆರನೇ ದಿನ ಹೊಸ ಆದೇಶ ಬಂತು, ಜೊತೆಗೆ ‘ತಿಳಿಸಿದ್ದಕ್ಕೆ ಥ್ಯಾಂಕ್ಸ್’ ಅಂತ ಒಂದು ಸಾಲು. ಅವಳು ಸೇರಿದಳು. ತಾರೀಖು ದಾಟಿದ್ದು, ಒಂದು ಹೆಸರು ಹಳೆಯದಾಗಿದ್ದು ಇವೆಲ್ಲ ಸರಿಪಡಿಸಬಹುದಾದ ದೋಷ. ಹೊರಗಿನ ಸದಸ್ಯರು ಬರೀ ಹೆಸರಿಗೆ ಇರುವುದು, ದೂರನ್ನು ಎಚ್‌ಆರ್ ತಡೆದಿಟ್ಟುಕೊಳ್ಳುವ ರೂಢಿ, ಆದೇಶ ಕೊಡಲು ನಿರಾಕರಣೆ, ಈ ಮೂರರಲ್ಲಿ ಒಂದಿದ್ದರೂ ನಾನಾಗಿದ್ದರೆ ಬೇರೆ ಕೆಲಸ ಹುಡುಕುತ್ತಿದ್ದೆ. ಬೇರೆ ದಾರಿಯೇ ಇಲ್ಲದೆ ಸೇರಲೇಬೇಕಾದರೆ, ಎಲ್ಲಿಗೆ ಸೇರುತ್ತಿದ್ದೀರಿ ಅಂತ ಗೊತ್ತಿದ್ದು ಸೇರಿ.

ಒಂದು ವೇಳೆ ಕಂಪನಿ ಚಿಕ್ಕದಿದ್ದು 10 ಜನರೂ ಇಲ್ಲದಿದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಆಗ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು. ಅದರ ವಿವರ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಸಿಗುತ್ತದೆ. ಕೇಂದ್ರ ಸರ್ಕಾರದ shebox.wcd.gov.in ಮೂಲಕವೂ ದೂರು ಕೊಡಬಹುದು.

ಸೇರುವುದು ಅಂತ ತೀರ್ಮಾನ ಮಾಡಿದರೆ ಆ ಆದೇಶದ ಪ್ರತಿಯನ್ನು ಆಫೀಸ್ ಲ್ಯಾಪ್‌ಟಾಪಿನಲ್ಲಿ ಇಡಬೇಡಿ, ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಕೆಲಸ ಬಿಡಿಸಿದ ದಿನ ಲ್ಯಾಪ್‌ಟಾಪ್ ವಾಪಸ್ ಹೋಗುತ್ತದೆ. ದೂರು ಕೊಡಲು ಘಟನೆ ನಡೆದ ದಿನದಿಂದ 3 ತಿಂಗಳು ಸಮಯ. ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಘಟನೆಗಳು ಒಂದರ ಹಿಂದೆ ಒಂದು ನಡೆದಿದ್ದರೆ ಕೊನೆಯದರಿಂದ ಎಣಿಸಬೇಕು. ನಿಮ್ಮ ಹಳೆಯ ಆಫೀಸಿನ ವಿಷಯಕ್ಕೂ ಇದೇ ಲೆಕ್ಕ. ಕೆಲಸ ಬಿಟ್ಟ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಅಲ್ಲಿನ ಕೊನೆಯ ಘಟನೆಯ ತಾರೀಖು ನೆನಪು ಮಾಡಿಕೊಂಡು ಇವತ್ತೇ ಒಮ್ಮೆ ದಿನ ಎಣಿಸಿ ನೋಡಿ. ಸಮಯ ಇನ್ನೂ ಉಳಿದಿದ್ದರೆ ನನಗೆ ಬರೆಯಿರಿ, ದೂರು ಬರೆಯುವುದು ಹೇಗೆ ಅಂತ ಹೇಳಿಕೊಡುತ್ತೇನೆ.